ಮಾಸ್ತಿಕಲ್ಲಿನ ಮುಂದೆ ಒಂದು ಪ್ರಶ್ನೆ

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಐದನೇ ತರಗತಿಯ ಟೀಚರ್. ಮೊದಲ ಸಲ ಮಕ್ಕಳನ್ನು ಚಿತ್ರದುರ್ಗದ ಮ್ಯೂಸಿಯಂಗೆ ಕರೆದೊಯ್ದಾಗ ಹತ್ತೇ ನಿಮಿಷದಲ್ಲಿ ಎಲ್ಲ ಸುತ್ತಿ ಹೊರಗೆ ಬಂದು, "ಮಿಸ್, ಊಟ ಯಾವಾಗ?" ಎಂದಿದ್ದರು.

ಹಾಗಾಗಿ ಮರುವರ್ಷ ರಟ್ಟಿನ ಚೀಟಿ ಮಾಡಿಕೊಂಡು ಹೋದೆ. ಇಬ್ಬರಿಗೆ ಒಂದು ಚೀಟಿ, ಒಂದೇ ವಸ್ತು. ಮೊದಲು ಮಾತಾಡದೆ ಐದು ನಿಮಿಷ ನೋಡಬೇಕು. ಆಮೇಲೆ ಚಿತ್ರ ಬರೆಯಬೇಕು, ಕಂಡ ಮೂರು ಸಂಗತಿ ಬರೆಯಬೇಕು, ಹೌದು-ಇಲ್ಲ ಎಂದು ಮುಗಿಸಲಾಗದಂಥ ಒಂದು ಪ್ರಶ್ನೆ ಕೇಳಬೇಕು. ಪಕ್ಕದ ಫಲಕ ಓದುವುದು ಕೊನೆಗೆ. ಅವರೇನೇ ಹೇಳಲಿ, ನಾನು ಉತ್ತರ ಕೊಡದೆ "ಯಾಕೆ ಹಂಗನ್ನಿಸ್ತು?" ಎಂದಷ್ಟೇ ಕೇಳಬೇಕೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ.

ಅಂದು ಯಾರೂ ಓಡಲಿಲ್ಲ. ಫಿರಂಗಿ ಗುಂಡಿನ ಮುಂದೆ ಇಬ್ಬರು ಹುಡುಗರು ಅದರ ಭಾರದ ಬಗ್ಗೆ ಜಗಳಕ್ಕೇ ನಿಂತಿದ್ದರು. ನಾನು ಬೀಗುತ್ತಾ ಓಡಾಡಿದೆ.

ಮಾಸ್ತಿಕಲ್ಲಿನ ಮುಂದೆ ಇಬ್ಬರು ಹುಡುಗಿಯರು ಕೂತಿದ್ದರು. ಕಲ್ಲಿನಲ್ಲಿ ಮೊಣಕೈ ಮಡಚಿ ಮೇಲೆತ್ತಿದ ಹೆಂಗಸಿನ ಒಂದು ಕೈ. ಒಬ್ಬಳು ಆ ಕೈಯ ಬಳೆಗಳನ್ನು ಚೀಟಿಯ ಮೇಲೆ ಒಂದೊಂದಾಗಿ ಬಿಡಿಸಿ, ಕೆಳಗೆ ಬರೆದಿದ್ದಳು: "ಈಕೆ ಬಳೆ ಯಾಕೆ ಒಡೆದಿಲ್ಲ?"

"ಬಳೆ ಒಡೀಬೇಕು ಅಂತ ಯಾಕೆ ಅನ್ನಿಸ್ತು ಪುಟ್ಟಾ?" ಎಂದೆ, ಅಭ್ಯಾಸಬಲದಿಂದ.

"ಗಂಡ ಸತ್ತೋಳ ಕಲ್ಲು ಅಂತ ನೀವೇ ಪಾಠದಾಗ ಹೇಳಿದ್ರಿ. ನಮ್ಮಪ್ಪ ಸತ್ತಾಗ ಅಮ್ಮನ ಬಳೆ ಎಲ್ಲಾ ಒಡೆದ್ರು ಮಿಸ್. ರಕ್ತ ಬಂತು."

ಬೇಸಿಗೆ ರಜೆಯಲ್ಲಿ ಅವಳಪ್ಪ ತೀರಿಕೊಂಡದ್ದು ನನಗೆ ಗೊತ್ತಿತ್ತು. ಯಾವ ಜೋಡಿಗೆ ಯಾವ ಕಲ್ಲು ಎಂದು ಹಂಚುವಾಗ ಅದು ನೆನಪಾಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಜೊತೆಯ ಹುಡುಗಿ ಫಲಕ ಓದಿ ಮುಗಿಸಿದ್ದಳು.

"ಗಂಡನ ಜೊತೆ ಬೆಂಕಿಗೆ ಹೋದೋಳಂತೆ ಕಣೇ. ಅದಕ್ಕೇ ಬಳೆ ಐತೆ."

ಆ ಮಗು ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು. "ಈಕೆಗೆ ಮಕ್ಕಳಿದ್ವಾ ಮಿಸ್?"

"ಗೊತ್ತಿಲ್ಲ ಕಂದಾ. ಈಗ ಯಾರೂ ಹಂಗೆ ಮಾಡಲ್ಲ, ಮಾಡ್ಬಾರ್ದು" ಎಂದೆ. ಅವಳು ತಲೆಯಾಡಿಸಿದಳು. ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರೆ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು.

ನಾಲ್ಕನೇ ದಿನ ಅವಳ ತಾಯಿ ಶಾಲೆಗೆ ಬಂದಳು. ಕೂಲಿಗೆ ಹೊರಟವಳು, ಕೈಯಲ್ಲಿ ಬುತ್ತಿ.

"ಏನ್ ತೋರ್ಸಿದ್ರಿ ಮೇಡಂ? ಒಲೆ ಹಚ್ಚಾಕೆ ಬಿಡವಲ್ಲಳು. ಸೆರಗು ಹಿಡ್ಕಂಡು ನಿಂತಿರ್ತಾಳೆ."

ನಾನು ಎಲ್ಲ ಹೇಳಿದೆ, ತಪ್ಪಾಯಿತು ಎಂದೆ. ಅವಳು ಬರಿ ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕೇಳಿದಳು.

"ಬಿಡ್ರಿ. ಬಳೆ ಒಡೆಯುವಾಗ ನೋವಾತಾ ಅಂತ ಕೇಳಿದ್ಲು ನಿನ್ನೆ. ಅಷ್ಟು ಮಂದಿ ಸೇರಿದ್ರು ಅವತ್ತು, ಒಬ್ರೂ ಕೇಳಿರಲಿಲ್ಲ."

ಅಷ್ಟು ಹೇಳಿ ಕಂಬಕ್ಕೆ ಒರಗಿ ಅತ್ತಳು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.