ಬೇಕರಿ ಎದುರಿನ ಗೇಟು

ಹ್ಞಾಂ, ಅದೇ ಗುಂಡೆಲ್ ಅಜ್ಜಿ, ಜರ್ಮನಿಯ ಕೆಮ್ನಿಟ್ಸ್ ಊರಿನ ಟ್ರಾಮ್ ನಿಲ್ದಾಣದಲ್ಲಿ ಪೇಪರ್ ಮಾರುವವರು. ಉಕ್ರೇನಿನ ಹಲಿನಾ ಹೊಸದಾಗಿ ಕಲಿತ ಜರ್ಮನ್‌ನಲ್ಲಿ ಅವರನ್ನೇ ದಾರಿ ಕೇಳಿದಳು. ಸಾಯುವ ಸ್ಥಿತಿಯಲ್ಲಿದ್ದ ಅವಳ ಗಂಡನನ್ನು ಆ ಊರಿನ ಆರೈಕೆ ಮನೆಗೆ ಸೇರಿಸಿದ್ದರು; ಅವಳು ಹೊರಟಿದ್ದು ಅಲ್ಲಿಗೇ.

"ನೇರ ಹೋಗಮ್ಮ, ಚರ್ಚ್ ಪಕ್ಕದಲ್ಲೇ ದಾಟ್ಕೊಂಡು, ಸೇತುವೆ ಆದ್ಮೇಲೆ ಎಡಕ್ಕೆ. ಬೇಕರಿ ಎದುರಿಗೇ ಗೇಟು. ಕಣ್ಮುಚ್ಕೊಂಡು ಹೋಗ್ಬಹುದು!"

ಹಲಿನಾಗೆ ಒಂದೊಂದು ಮಾತೂ ಅರ್ಥವಾಯಿತು. ಆದರೆ ಬೇಕರಿಯೇ ಇರಲಿಲ್ಲ. ಅದನ್ನು ಕೆಡವಿ ಹನ್ನೊಂದು ವರ್ಷವಾಗಿತ್ತು. ಊರಿನವರ ಬಾಯಲ್ಲಷ್ಟೇ ಉಳಿದಿತ್ತು. ಗಂಟೆಗಟ್ಟಲೆ ಸುತ್ತಿ ಗೇಟು ಸೇರುವಷ್ಟರಲ್ಲಿ ಗಂಡ ಹೋಗಿಬಿಟ್ಟಿದ್ದ.

ಮರುದಿನ ಅವಳು ಮತ್ತೆ ಬಂದಳು.

"ಅಲ್ಲಿ ಬೇಕರಿ ಇರ್ಲಿಲ್ಲ ಅಜ್ಜಿ. ಈಗ ಸ್ಮಶಾನಕ್ಕೆ ದಾರಿ ಹೇಳಿ."

ಗುಂಡೆಲ್ ಅಂಗಡಿ ಮುಚ್ಚಿ ಜೊತೆಗೇ ನಡೆದರು. ಈಗ ಯಾರು ದಾರಿ ಕೇಳಿದರೂ ಹಾಗೆಯೇ ಎದ್ದು ಬರುತ್ತಾರೆ. ಆ ಕಡೆ ಹೋದರೆ ಅವರನ್ನೊಮ್ಮೆ ಕಂಡು ಬನ್ನಿ.