ಮರುದಿನ ಹೊಳೆದ ಉತ್ತರ

ಅವಳು ಅಹಂಕಾರಿ. ಇದನ್ನು ಮೃದುವಾಗಿ ಹೇಳುವ ದಾರಿಗಳಿವೆ, ಸಂಕೋಚದವಳು, ಮಿತಭಾಷಿ ಎಂದೆಲ್ಲ. ನನಗೆ ಅವು ಬೇಕಿಲ್ಲ. ಯಾರೆದುರೂ, ಎಷ್ಟು ಸಣ್ಣ ವಿಷಯಕ್ಕೂ ಸೋಲಲಾರದ ಹೆಂಗಸು. ನನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದಳು. ಅಷ್ಟು ಕಾಲದಲ್ಲಿ ಅವಳ ಬಾಗಿಲು ತಟ್ಟಿದವರು ಮೀಟರ್ ನೋಡುವವನು ಮತ್ತು ವಿಳಾಸ ತಪ್ಪಿ ಬಂದವರು ಮಾತ್ರ. ಗಂಡ ಬೇರೆ ಸಂಸಾರ ಹೂಡಿ ಹೋಗಿದ್ದ. ಅದೇ ಊರಿನಲ್ಲಿ ಅಕ್ಕನೊಬ್ಬಳಿದ್ದಳು. ಮಾತಿಗೆ ಮಾತು ಬೆಳೆದು ಇಬ್ಬರೂ ದೂರವಾಗಿದ್ದರು, ಮೊದಲು ಹೋಗಿ ಮಾತಾಡಿಸುವುದು ಯಾರು ಎಂಬ ಒಂದೇ ಪ್ರಶ್ನೆಯಲ್ಲಿ ಇಬ್ಬರಿಗೂ ಕೂದಲು ನರೆತಿತ್ತು.

ಕೆಲಸ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ, ಬೆಡ್‌ಶೀಟ್ ಮಡಚುವುದು. ಇದು ಒಬ್ಬರಿಂದಾಗುವ ಕೆಲಸವಲ್ಲ. ಇಬ್ಬರು ಎರಡು ತುದಿ ಹಿಡಿದು ದೂರ ನಿಂತು ಎಳೆಯಬೇಕು, ಮೂಲೆಗೆ ಮೂಲೆ ಸೇರಿಸಿ ಎದುರುಬದುರಾಗಿ ನಡೆದು ಬರಬೇಕು, ಒಬ್ಬರ ಕೈಯ ಅಂಚು ಇನ್ನೊಬ್ಬರ ಕೈಗೆ ಸೇರಬೇಕು, ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ನೂರಾರು ಸಲ ಒಂದೇ ಮುಖ ಹತ್ತಿರ ಬಂದು ದೂರ ಹೋಗುತ್ತದೆ. ಬಾಯಿ ಸುಮ್ಮನಿರುವುದು ಕಷ್ಟ. ಆ ಕೋಣೆಯಲ್ಲಿ ಮಾತೆಂದರೆ ಗೇಲಿ. ಯಾರನ್ನು ಗೇಲಿ ಮಾಡುತ್ತಾರೋ ಅವರು ನಮ್ಮವರು. ಯಾರನ್ನು ಮಾಡುವುದಿಲ್ಲವೋ ಅವರು ಕೋಣೆಯ ಕಂಬಕ್ಕೆ ಸಮ.

ಗೇಲಿಯಲ್ಲಿ ಮುಂದಾಳು ಗಂಟೆಯಕ್ಕ. ಹೆಸರು ಧ್ವನಿಯಿಂದ ಬಂದದ್ದು. ಮೂಲೆಯಲ್ಲಿ ಡಾಕ್ಟರುಗಳ ಕೋಟು ತೀಡುವ ಮುದುಕನನ್ನು ಎಲ್ಲರೂ ಇಸ್ತ್ರಿ ಮಾವ ಎನ್ನುತ್ತಿದ್ದರು. ಸಂಜೆ ಅವನು ನಮ್ಮ ಬೀದಿಯ ಬಟ್ಟೆಗಳಿಗೂ ಇಸ್ತ್ರಿ ಹಾಕಿಕೊಡುತ್ತಿದ್ದ. ಲಾಂಡ್ರಿಯ ಸಂಗತಿಗಳು ನನಗೆ ತಿಳಿದದ್ದು ಅವನಿಂದ.

ಒಂದು ದಿನ ಗಂಟೆಯಕ್ಕ ಇವಳತ್ತ ನೋಡಿ, "ಏನಮ್ಮ, ನೀನು ಆ ಬೆಡ್‌ಶೀಟ್ ಮಡಚಿ ಮುಗಿಸೋಷ್ಟರಲ್ಲಿ ಅದರ ಮೇಲೆ ಮಲಗಬೇಕಾದ ರೋಗಿ ವಾಸಿಯಾಗಿ ಮನೇಲಿ ಮೊಮ್ಮಕ್ಕಳನ್ನ ಆಡಿಸ್ತಾ ಇರ್ತಾನೆ" ಎಂದಳು. ಕೋಣೆ ನಕ್ಕಿತು. ಇವಳು ಮುಂದಿನ ಬೆಡ್‌ಶೀಟ್ ಎತ್ತಿಕೊಂಡಳು. ಆ ಸಂಜೆ ಗೋಡೆಯಾಚೆ ಅವಳು ಏನೋ ಹೇಳಿಕೊಳ್ಳುವುದು ನನಗೆ ಕೇಳಿಸಿತು. ನಮ್ಮ ನಡುವಿನ ಗೋಡೆ ತೆಳು. ಒಂದೇ ವಾಕ್ಯ, ಒಮ್ಮೆ ಏರುದನಿಯಲ್ಲಿ, ಒಮ್ಮೆ ಇಳಿದನಿಯಲ್ಲಿ.

ಮರುದಿನ ಬೆಳಿಗ್ಗೆ ಗಂಟೆಯಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಇವಳು ಎದುರು ಹೋಗಿ ನಿಂತು, "ಅವನು ಮೊಮ್ಮಕ್ಕಳಿಂದ ಸುಸ್ತಾಗಿ ವಾಪಸ್ ಬಂದು ಮಲಗೋ ಹೊತ್ತಿಗೆ ನನ್ನ ಬೆಡ್‌ಶೀಟ್ ತಯಾರಾಗಿರತ್ತೆ" ಎಂದಳು.

ಗಂಟೆಯಕ್ಕ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಕೇಳಿದಳು. "ಯಾರ ಮೊಮ್ಮಕ್ಕಳು? ಯಾರಿಗೆ ಏನಾಯ್ತು?"

ಉತ್ತರವೇನೋ ಚೆನ್ನಾಗಿತ್ತು. ಆದರೆ ಮದುವೆ ಮುಗಿದ ಮೇಲೆ ವಾಲಗ ಊದಿದಂತಾಯಿತು. "ಪರವಾಗಿಲ್ಲ, ಇವತ್ತು ಕೇಳಿದ್ರೆ ನಾಳೆ ಕೊಡ್ತಾಳೆ. ನಾಳೆಯಮ್ಮ" ಎಂದ ಇಸ್ತ್ರಿ ಮಾವ. ಆ ಹೆಸರು ಅಂಟಿತು.

ಹೆಸರು ಅಂಟಿದ್ದಕ್ಕೆ ಅವಳು ಸಂತೋಷಪಡಬೇಕಿತ್ತು. ಅವಳು ಅದನ್ನು ಸೋಲೆಂದುಕೊಂಡಳು, ಸೇಡಿಗೆ ತಯಾರಾದಳು. ತನ್ನ ಪುಟ್ಟ ಊಟದ ಡಬ್ಬಿಯ ಮೇಲೆ ಗಂಟೆಯಕ್ಕನ ಕಣ್ಣು ಬೀಳುವುದನ್ನು ಗಮನಿಸಿದ್ದಳು. ಉತ್ತರವನ್ನು ಮೊದಲೇ ಹೊಸೆದಿಟ್ಟಳು. ಎಣಿಸಿದಂತೆಯೇ ಆಯಿತು.

"ಇದೇನು ಊಟದ ಡಬ್ಬಿನಾ, ಸೂಜಿ ಡಬ್ಬಿನಾ?"

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಟಿತು. "ಸೂಜಿ ಡಬ್ಬಿನೇ. ನಿಮ್ಮ ಬಾಯಿ ಹೊಲೀಲಿಕ್ಕೆ ತಂದಿದೀನಿ." ಹೇಳಿ, ಯಾರು ಯಾರು ನಕ್ಕರೆಂದು ಸುತ್ತ ನೋಡಿದಳು.

ಯಾರೂ ನಗಲಿಲ್ಲ. ಮಾತು ಕಡ್ಡಿ ಮುರಿದಂತೆ ಅಲ್ಲಿಗೇ ತುಂಡಾಯಿತು. ಗಂಟೆಯಕ್ಕ ತನ್ನ ಡಬ್ಬಿಯ ಮುಚ್ಚಳ ತೆಗೆದು ಊಟಕ್ಕೆ ಕೂತಳು. ಆಮೇಲೆ ದಿನಗಟ್ಟಲೆ ಯಾರೂ ಇವಳ ತಂಟೆಗೆ ಬರಲಿಲ್ಲ. "ಸ್ವಲ್ಪ ಜರುಗಿ", "ಆ ಕಟ್ಟು ಕೊಡಿ" ಎಂದು ಬಹುವಚನದಲ್ಲಿ ಮಾತಾಡಿಸಿದರು. ಗೆದ್ದಿದ್ದಳು, ಗೆದ್ದವಳಿಗೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಗೋಡೆಯಾಚೆಯ ಅಭ್ಯಾಸವೂ ನಿಂತಿತು. ಸಂಜೆ ನನಗೆ ಕೇಳಿಸುತ್ತಿದ್ದುದು ಸ್ಟವ್ ಹೊತ್ತಿಸುವ, ಆರಿಸುವ ಸದ್ದು ಮಾತ್ರ.

ಕೊನೆಗೆ ಇಸ್ತ್ರಿ ಮಾವನೇ ಬಾಯಿಬಿಟ್ಟ. ಕೋಟಿನ ಕಾಲರ್ ತೀಡುತ್ತ, ತಲೆ ಎತ್ತದೆ ಹೇಳಿದನಂತೆ. "ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೆ ನಿಲ್ಲಿಸಿದ್ರೆ ಸುಟ್ಟೋಗತ್ತೆ ತಾಯಿ. ತಾಗಿಸ್ಬೇಕು, ಮುಂದಕ್ಕೆ ಹೋಗ್ಬೇಕು. ನೀನು ಅವಳ ಬಾಯಿ ಮುಚ್ಚಿಸಿದೆ. ಈಗ ಯಾರ ಜೊತೆ ಮಾತಾಡ್ತೀಯಾ?"

"ಅವರು ಅನ್ನಬಹುದು, ನಾನು ಅನ್ನಬಾರದಾ?"

"ಅನ್ನು. ಅವಳು ಮತ್ತೆ ಅನ್ನೋಕೆ ಜಾಗ ಬಿಟ್ಟು ಅನ್ನು."

ಅವಳು ಅಂದಿನಿಂದ ಮಾವನನ್ನೇ ಗಮನಿಸತೊಡಗಿದಳು. ಅವನ ಬೋಳುತಲೆಯನ್ನು ಆಡಿಕೊಂಡರೆ ಅವನು ವಾದಿಸುತ್ತಿರಲಿಲ್ಲ, ಒಪ್ಪಿಕೊಳ್ಳುತ್ತಿದ್ದ. ಒಪ್ಪಿಕೊಂಡು ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದ. "ಮಾವ, ತಲೆ ಫಳಫಳ ಅಂತಿದೆ" ಎಂದರೆ "ಗಂಜಿ ಹಾಕಿ ತೀಡಿದೀನಿ" ಎನ್ನುತ್ತಿದ್ದ. ಆಡಿದವರ ಮಾತಿಗಿಂತ ಅವನದು ಚಿಕ್ಕದು. ಕೈ ನಿಲ್ಲುತ್ತಿರಲಿಲ್ಲ, ದನಿ ಬದಲಾಗುತ್ತಿರಲಿಲ್ಲ, ತನ್ನ ಮಾತಿಗೆ ತಾನು ನಗುತ್ತಿರಲಿಲ್ಲ. ಉತ್ತರಕ್ಕೆ ಮುಂಚೆ ಒಂದು ಉಸಿರಿನಷ್ಟು ತಡೆಯುತ್ತಿದ್ದ. ಆ ತಡೆಯಿಲ್ಲದಿದ್ದರೆ ಕೇಳಿದವರಿಗೆ ಪಾಠ ಒಪ್ಪಿಸಿದಂತಾಗುತ್ತದೆ, ಅತಿಯಾದರೆ ತಡಕಾಡಿದಂತೆ. ಕಳೆದ ವಾರದ ಮಾತನ್ನು ಅದೇ ಕಿವಿಗಳಿಗೆ ಮತ್ತೆ ಬಡಿಸುತ್ತಿರಲಿಲ್ಲ. ಯಾವ ಹುಣ್ಣನ್ನು ಮುಟ್ಟಬಾರದೆಂಬುದೂ ಅವನಿಗೆ ಗೊತ್ತಿತ್ತು: ಗಂಟೆಯಕ್ಕನ ಕೆಲಸವಿಲ್ಲದ ಮಗನ ವಿಚಾರಕ್ಕೆ ಅವನು ಎಂದೂ ಹೋಗಲಿಲ್ಲ.

ಗೇಲಿಗಳು ಬರುವ ದಿಕ್ಕುಗಳೂ ಕೆಲವೇ ಎಂದು ಅವಳಿಗೆ ಹೊಳೆಯಿತು. ಅವಳ ನಿಧಾನ, ಡಬ್ಬಿ, ದಪ್ಪ ಗಾಜಿನ ಕನ್ನಡಕ, ಒಂಟಿತನ. ಹೊಸದೇನೂ ಬರುವುದಿಲ್ಲ. ಆದ್ದರಿಂದ ಇಡೀ ವಾಕ್ಯ ಹೊಸೆದಿಡುವುದನ್ನು ಬಿಟ್ಟಳು. ಹೊಸೆದ ವಾಕ್ಯ ಹೊಸೆದಂತೆಯೇ ಕೇಳಿಸುತ್ತದೆ, ಕೇಳಿದ್ದು ಚೂರು ಬೇರೆಯಾದರೂ ಅಳತೆ ತಪ್ಪಿದ ರವಿಕೆಯಂತೆ ಕೂರುವುದಿಲ್ಲ. ಮೊದಲ ಪದವನ್ನಷ್ಟೇ ಸಿದ್ಧವಿಟ್ಟಳು: "ಹೂಂ" ಅಥವಾ "ಅದಕ್ಕೇ". ಉಳಿದದ್ದನ್ನು ಆಡಿದವರ ಬಾಯಿಂದಲೋ ಕೋಣೆಯಲ್ಲಿ ಬಿದ್ದಿರುವ ವಸ್ತುವಿನಿಂದಲೋ ಎತ್ತಿಕೊಳ್ಳಬೇಕು. ಗೋಡೆಯಾಚೆ ಮತ್ತೆ ದನಿ ಕೇಳಿಸಿತು. ಈಗ ತನ್ನನ್ನು ತಾನೇ ಗೇಲಿ ಮಾಡಿಕೊಂಡು, ತಡೆದು, ಪ್ರತಿ ಸಲವೂ ಬೇರೆ ಉತ್ತರ ಕೊಡುತ್ತಿದ್ದಳು. ಖಾಲಿ ಕೋಣೆಯಲ್ಲಿ ಒಬ್ಬಳೇ ಇಬ್ಬರಾಗುವುದನ್ನು ಕೇಳುವುದು ಹಿತವಲ್ಲ. ನಾನು ರೇಡಿಯೊ ಹಾಕಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಲಾಂಡ್ರಿಗೆ ಸಣ್ಣ ಬಟ್ಟೆ ಮಡಚುವ ಯಂತ್ರ ಬಂತು. ಬೆಡ್‌ಶೀಟ್‌ಗಳಿಗೆ ಇನ್ನು ಕಾಯಂ ಜೋಡಿಗಳು, ಶನಿವಾರದೊಳಗೆ ನಿಮ್ಮನಿಮ್ಮಲ್ಲೇ ಆರಿಸಿಕೊಳ್ಳಿ ಎಂದ ಮೇಲ್ವಿಚಾರಕ. ಹೆಂಗಸರ ಸಂಖ್ಯೆ ಬೆಸ. ಉಳಿದವಳು ನೆಲಮಾಳಿಗೆಗೆ. ಅಲ್ಲಿ ಮೇಲಿನ ವಾರ್ಡುಗಳಿಂದ ಕೊಳೆ ಬಟ್ಟೆಯ ಗಂಟುಗಳು ತಗಡಿನ ಕೊಳವೆಯೊಳಗೆ ಜಾರಿ ಬೀಳುತ್ತವೆ. ಒಬ್ಬಳೇ ಕೂತು ವಿಂಗಡಿಸಬೇಕು, ಬೆಳಗಿನಿಂದ ಸಂಜೆಯವರೆಗೆ.

ಎಲ್ಲರೂ ಬೇಗ ಬೇಗ ಜೋಡಿಯಾದರು. ಉಳಿದವರು ಮೂವರು: ಹಳೆಯ ಜೊತೆಗಾತಿ ನಿವೃತ್ತಳಾದ್ದರಿಂದ ಗಂಟೆಯಕ್ಕ, ಇವಳು, ಮತ್ತೆ ಹೊಸದಾಗಿ ಸೇರಿದ್ದ, ಯಾರು ಕರೆದರೂ ಬೆಚ್ಚಿಬೀಳುತ್ತಿದ್ದ ನಡುವಯಸ್ಸಿನ ಹೆಂಗಸು. ಆರಿಸುವವಳು ಗಂಟೆಯಕ್ಕ. ಅವಳು ಮುಚ್ಚುಮರೆ ಮಾಡಲಿಲ್ಲ. "ನನಗೆ ಬಾಯಿರೋರು ಬೇಕಪ್ಪ. ದಿನವೆಲ್ಲಾ ಗೋಡೆ ಜೊತೆ ಬೆಡ್‌ಶೀಟ್ ಮಡಚೋಕೆ ನನ್ನ ಕೈಲಾಗಲ್ಲ."

ಗುರುವಾರ ಇವಳು ಕಲೆಯೊಂದನ್ನು ಗಮನಿಸದೆ ಬೆಡ್‌ಶೀಟ್ ಮಡಚಿಟ್ಟಳು. ಗಂಟೆಯಕ್ಕ ಅದನ್ನೆತ್ತಿ ತೋರಿಸಿ, ಬಹಳ ದಿನಗಳ ಮೇಲೆ ಕೆಣಕಿದಳು. "ಆ ಕನ್ನಡಕ ಇದ್ದೂ ದಂಡ ಕಣಮ್ಮ. ಎದುರಿಗಿರೋ ಕಲೆ ಕಾಣಲ್ಲ ನಿನಗೆ."

ಇವಳು ಬೆಡ್‌ಶೀಟ್ ತೆಗೆದುಕೊಂಡು ಒಗೆಯುವ ಬುಟ್ಟಿಗೆ ಹಾಕಿದಳು. "ಅದಕ್ಕೇ ನೀವು ಇಷ್ಟು ಚೆನ್ನಾಗಿ ಕಾಣ್ತೀರಿ ಅಕ್ಕ."

ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಗಂಟೆಯಕ್ಕ. "ಹಾಗಾದ್ರೆ ಅದನ್ನ ಯಾವತ್ತೂ ಒರೆಸಬೇಡ ಮಾರಾಯ್ತಿ" ಎಂದಳು. ಮಾತು ಅಲ್ಲಿಗೆ ಮುಗಿಯಲಿಲ್ಲ. ಸಂಜೆಯವರೆಗೂ ಕನ್ನಡಕ ಬಾಯಿಂದ ಬಾಯಿಗೆ ಓಡಾಡಿತು. ಶುಕ್ರವಾರ ಚಹಾ ಹೊತ್ತಿನಲ್ಲಿ ಗಂಟೆಯಕ್ಕ ಜರುಗಿ ಬೆಂಚಿನ ಮೇಲೆ ಇವಳಿಗೆ ಜಾಗ ಮಾಡಿಕೊಟ್ಟಳು. ಯಾರು ನೆಲಮಾಳಿಗೆಗೆ ಹೋಗುತ್ತಾರೆಂಬುದು ಎಲ್ಲರಿಗೂ ತಿಳಿದಂತಿತ್ತು. ಹೊಸಬಳಿಗೂ ತಿಳಿದಿತ್ತು. ಅವಳು ಲೋಟ ಹಿಡಿದುಕೊಂಡು ಬೇಸಿನ್ ಹತ್ತಿರ ನಿಂತೇ ಕುಡಿದಳು.

ಶನಿವಾರ ಬೆಳಿಗ್ಗೆ ಇವಳಿಗೂ ಹೊಸಬಳಿಗೂ ಒಟ್ಟಿಗೆ ಮಡಚುವ ಕೆಲಸ ಬಿತ್ತು. ಪಕ್ಕದ ಮೇಜಿನಿಂದ ಗಂಟೆಯಕ್ಕ ಹೊಸಬಳನ್ನು ಕೊನೆಯ ಸಲ ತಟ್ಟಿ ನೋಡಿದಳು. ದ್ವೇಷದಿಂದಲ್ಲ, ಅವಳ ರೀತಿಯಲ್ಲಿ ಅದು ನ್ಯಾಯ.

"ಏನೇ, ಬಂದಾಗಿನಿಂದ ಒಂದು ಮಾತಿಲ್ಲ. ನಾಲಿಗೆನ ಮನೇಲೇ ಒಣಗಾಕಿ ಬಂದಿದೀಯಾ?"

ಹೊಸಬಳ ಕಿವಿ ಕೆಂಪಾಯಿತು. ಆ ಹೊತ್ತಿಗೆ ಬೆಡ್‌ಶೀಟಿನ ಮೂಲೆಗಳು ಸೇರಬೇಕಿತ್ತು. ಇಬ್ಬರೂ ಎದುರುಬದುರಾಗಿ ನಡೆದು ಬಂದರು. ಕೈಗೆ ಕೈ ತಾಗಿದಾಗ ಇವಳ ತುಟಿ ಅಲುಗಿದ್ದನ್ನು ಇಸ್ತ್ರಿ ಮಾವ ಕಂಡ, ಅವನ ಕಿವಿಗೂ ಬಿತ್ತು. "ತಲೆ ಎತ್ತಬೇಡ, ಮಡಚ್ತಾ ಹೇಳು" ಎಂದು ಶುರುಮಾಡಿ ಒಂದು ಸಾಲು ಪಿಸುಗುಟ್ಟಿದಳು. ಯಾವ ಸಂಜೆಯೂ ಗೋಡೆಯಾಚೆ ನಾನು ಕೇಳಿರದ ಸಾಲು. ಆ ಗಳಿಗೆಯಲ್ಲೇ ಹುಟ್ಟಿದ್ದಿರಬೇಕು. ಇಬ್ಬರೂ ಹಿಂದೆ ಸರಿದರು.

"ಹೂಂ ಅಕ್ಕ" ಎಂದಳು ಹೊಸಬಳು ಬಟ್ಟೆ ನೋಡುತ್ತ. ದನಿ ತುಸು ನಡುಗಿತು, ಆ ನಡುಕವೇ ಮಾತನ್ನು ಅವಳದೇ ಆಗಿಸಿತು. "ಇನ್ನೂ ಹಸಿ ಇದೆ. ಒಣಗೋವರೆಗೂ ನಿಮ್ಮದನ್ನೇ ಕೊಡಿ. ಇಬ್ಬರಿಗೂ ಸಾಕಾಗತ್ತೆ."

ಗಂಟೆಯಕ್ಕ ಮೇಜು ಬಡಿದು ನಕ್ಕಳು. "ಅಬ್ಬಾ ಕಳ್ಳಿ. ಇಷ್ಟು ದಿನ ಇದನ್ನೆಲ್ಲಾ ಎಲ್ಲಿ ಇಟ್ಕೊಂಡಿದ್ದೆ? ಬಾ ಈ ಕಡೆ. ನೀನೇ ನನ್ನ ಜೋಡಿ."

ಹೊಸಬಳು ತಬ್ಬಿಬ್ಬಾಗಿ ಇವಳ ಮುಖ ನೋಡಿದಳು. "ಅಕ್ಕ, ಅದು ನಾನಲ್ಲ, ಇವರು..." ಎಂದು ಶುರುಮಾಡಿದಳು.

"ಮೂಲೆ ಸರಿಯಾಗಿ ಹಿಡಿ" ಎಂದು ಗದರಿ, ಇವಳು ಬೆಡ್‌ಶೀಟನ್ನು ಬಲವಾಗಿ ತನ್ನ ಕಡೆಗೆ ಎಳೆದಳು.