ಮೇಲಿನ ತಟ್ಟೆಯ ಮೆಣಸಿನಕಾಯಿ

ಕುಂದಗೋಳದ ಮಹಾನಂದಾ ಮಾಡುವ ಕೆಲಸ ಏನೆಂದು ಅವಳ ಓಣಿಗೆ ಇನ್ನೂ ತಿಳಿದಿಲ್ಲ. "ಕಿವ್ಯಾಗ ವಾಯರ ಹಾಕ್ಕೊಂಡು ಕುಂದರತಾಳ, ಪಗಾರ ಬರತೈತಿ" ಎಂದು ಅತ್ತೆ ಶಿವಗಂಗವ್ವ ಕೇಳಿದವರಿಗೆಲ್ಲ ಹೇಳುತ್ತಾರೆ. ತಪ್ಪೇನಿಲ್ಲ.

ಹೊಸ ಉದ್ಯಮಗಳಿಗೆ ಬಂಡವಾಳ ಹಾಕುವ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಅವಳ ನೌಕರಿ. ಉದ್ಯಮಿ ಬಂದು ತನ್ನ ಯೋಜನೆ ಹೇಳುತ್ತಾನೆ, ಹೂಡಿಕೆದಾರರು ಪ್ರಶ್ನೆ ಕೇಳುತ್ತಾರೆ, ಎಲ್ಲ ರೆಕಾರ್ಡ್ ಆಗುತ್ತದೆ. ಅದನ್ನು ಕೇಳಿ ಎರಡು ಪುಟಕ್ಕೆ ಇಳಿಸುವುದು ಮಹಾನಂದಾಳ ಕೆಲಸ. ಸಭೆಗೆ ಬಾರದ ಸಮಿತಿಯವರು ಆ ಎರಡು ಪುಟ ಓದಿಯೇ ಹೂಂ ಅಥವಾ ಊಹೂಂ ಅನ್ನುತ್ತಾರೆ. ದುಡ್ಡು ಕೊಡಬೇಕು ಅನ್ನುವವನಿಗೂ ಬೇಡ ಅನ್ನುವವನಿಗೂ ತನ್ನ ಮಾತು ಅದರಲ್ಲಿ ಸಿಗಬೇಕು, ಬರೆದವಳ ಮಾತು ಮಾತ್ರ ಸಿಗಬಾರದು. ಇದು ಮುಖ್ಯಸ್ಥ ಕಿರಣಕುಮಾರನ ನಿಯಮ.

ಈ ಸಲ ರೆಕಾರ್ಡಿನಲ್ಲಿ ಕೇಳಿದ್ದು ದೇವಿಕೊಪ್ಪದ ಈರೇಶನ ದನಿ. ಶಿವಗಂಗವ್ವನ ತಂಗಿಯ ಮಗ, ಮಹಾನಂದಾಳಿಗೆ ಮೈದುನ. ತಟ್ಟೆಗಳಲ್ಲಿ ಹರವಿ ಮೆಣಸಿನಕಾಯಿ ಒಣಗಿಸುವ ಯಂತ್ರ ಮಾಡಿ, ಟ್ರ್ಯಾಕ್ಟರಿಗೆ ಕಟ್ಟಿ, ಊರೂರಿಗೆ ಒಯ್ದು ಬಾಡಿಗೆಗೆ ಕೊಡುತ್ತಾನೆ. ಹೋದ ವರ್ಷ ಇವರ ಮನೆಯ ಕಾಯಿಯೂ ಅದರಲ್ಲೇ ಒಣಗಿತ್ತು, ಪುಕ್ಕಟೆ.

ಮಹಾನಂದಾ ತಕ್ಷಣ ಫೋನ್ ಮಾಡಿದಳು. "ಸರ್, ಇವ ನಮ್ಮ ಸಂಬಂಧಿಕ್ರಿ. ಬ್ಯಾರೇದವ್ರಿಗೆ ಕೊಡ್ರಿ."

"ಬ್ಯಾರೇದವ್ರು ಅಂದ್ರ ಬೆಂಗಳೂರಿನವರು. ನಮ್ಮ ಕಡೆ ಹಳ್ಳಿ ಮಾತು ಅವರಿಗೆ ತಿಳಿಯೂದಿಲ್ಲ, ಕಂಪ್ಯೂಟರಿಗಂತೂ ಮೊದಲ ತಿಳಿಯೂದಿಲ್ಲ. ಸಂಬಂಧ ಐತಿ ಅಂತ ಮ್ಯಾಲೆ ಬರೀರಿ. ನಾನೂ ರೆಕಾರ್ಡ್ ಕೇಳಿ ತಾಳೆ ನೋಡ್ತೀನಿ" ಎಂದ ಕಿರಣಕುಮಾರ.

ಅವಳು ಬರೆದಳು. ನಲವತ್ತು ಮನೆಯವರು ಯಂತ್ರ ಬಳಸಿದ್ದಾರೆ ಎಂದು ಈರೇಶ ಮೊದಲು ಹೇಳಿದ್ದ. ಬಾಡಿಗೆ ಕೊಟ್ಟವರು ಎಷ್ಟು ಎಂದು ಕೇಳಿದಾಗ ಐದು ಎಂದ. ಉಳಿದವರು? "ಎಲ್ಲಾ ನಮ್ಮವರ್ರಿ. ಕಾಕಾ, ಮಾವ, ಬಾಜು ಮನಿಯವರು. ಹೆಂಗ ಕೇಳೂದ್ರಿ?" ಆ ಐವರು ಮತ್ತೆ ಬಂದರೇ? ಬಂದಿಲ್ಲ. ಯಾಕೆ? ಗೊತ್ತಿಲ್ಲ. ಯಾರಾದರೂ ದೂರು ಹೇಳಿದ್ದಾರೆಯೇ? "ಒಬ್ರೂ ಹೇಳಿಲ್ರಿ!" ನಿಮ್ಮ ಪ್ರತಿಸ್ಪರ್ಧಿ ಯಾರು? "ಬಿಸಲು. ಅದು ಬಾಡಿಗಿ ಕೇಳೂದಿಲ್ರಿ." ಹೂಡಿಕೆದಾರರು ನಕ್ಕಿದ್ದರು. ಈರೇಶ ನಕ್ಕಿರಲಿಲ್ಲ. ಹಾಗಾಗಿ ಮಹಾನಂದಾ ಅದನ್ನೂ ಬರೆದಳು: ಪ್ರತಿಸ್ಪರ್ಧಿ, ಬಿಸಿಲು.

ಬರೆದದ್ದನ್ನು ಓದಿದಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಕಾಲದ ಮಳೆಗೆ ಮಾಳಿಗೆ ಮೇಲಿನ ಕಾಯಿ ಕಪ್ಪಾದಾಗ ಯಂತ್ರದ ಕಾಯಿ ಕೆಂಪು ಉಳಿಸಿಕೊಂಡದ್ದು, ಒಂದೇ ದಿನ ಎರಡಕ್ಕೂ ಸಿಕ್ಕ ದರದ ಮಾರುಕಟ್ಟೆ ಚೀಟಿಗಳನ್ನು ಅವನು ತೋರಿಸಿದ್ದು, ಹೂಡಿಕೆದಾರರೊಬ್ಬರು ಅವನ್ನು ನೋಡಿ ಒಪ್ಪಿದ್ದು, ಇಷ್ಟಕ್ಕೂ ಒಂದೇ ಸಾಲು. ಬಾಡಿಗೆಯ ಸಂಗತಿಗೆ ಅರ್ಧ ಪುಟ, ಅದರಲ್ಲಿ "ತಡವರಿಸಿದರು" ಎಂಬ ಮಾತು ಬೇರೆ. ಮೈದುನನ ಪರ ಬರೆದಳು ಎಂದು ಯಾರೂ ಅನ್ನಬಾರದೆಂದು ಮೈದುನನನ್ನೇ ಜಜ್ಜಿ ಹಾಕಿದ್ದಳು. ನ್ಯಾಯವಂತಳೆಂಬ ಹೆಸರು ಅವಳಿಗೆ, ಅದರ ಬೆಲೆ ತೆರುವವನು ಅವನು! ಚೀಟಿಗಳ ಮಾತಿಗೆ ಪೂರ್ತಿ ಜಾಗ ಕೊಟ್ಟಳು. "ತಡವರಿಸಿದರು" ಹೊಡೆದು "ಕೇಳಿದ ಮೇಲೆ ತಿಳಿಸಿದರು" ಎಂದು ಹಾಕಿದಳು. ಐದು ಎಂಬ ಅಂಕಿಯನ್ನು ಮುಟ್ಟಲಿಲ್ಲ.

ಆ ವಾರವೆಲ್ಲ ಶಿವಗಂಗವ್ವ ಬೆನ್ನು ಬಿಡಲಿಲ್ಲ. "ಹುಡುಗ ಹೊಲದಾಗಿನ ಪಾಲು ಒತ್ತಿ ಇಟ್ಟು ಆ ಮಷೀನ ಮಾಡ್ಯಾನ. ಏನ ಬರದಿ, ಹೇಳಬೇ."

"ಹೇಳಂಗಿಲ್ರಿ ಅತ್ತಿ."

ಸಮಿತಿ ಹೂಂ ಅನ್ನಲಿಲ್ಲ, ಊಹೂಂ ಸಹ ಅನ್ನಲಿಲ್ಲ. ಯಂತ್ರ ಒಳ್ಳೆಯದಿರಬಹುದು, ಆದರೆ ದುಡ್ಡು ಕೊಟ್ಟು ಯಾರು ಬಳಸುತ್ತಾರೆ ಎಂಬುದು ತಿಳಿದಿಲ್ಲ. ಒಂದು ಹಂಗಾಮು ಎಲ್ಲರಿಂದಲೂ ಬಾಡಿಗೆ ಪಡೆದು, ಮತ್ತೆ ಬನ್ನಿ ಎಂದಿತು.

ಮುಂದಿನ ಹಂಗಾಮಿನಲ್ಲಿ ಮಹಾನಂದಾಳ ಮನೆಯ ಕಾಯಿ ಯಂತ್ರದಲ್ಲಿ ಒಣಗಿದ ಮೇಲೆ ಈರೇಶ ಬಂದು ಕಟ್ಟೆಯ ಮೇಲೆ ಕೂತ. ಚಹಾ ಕುಡಿದ. ನೆಲ ನೋಡುತ್ತ "ದೊಡ್ಡವ್ವ, ಬಾಡಿಗಿ..." ಎಂದ.

ಶಿವಗಂಗವ್ವ ಅವನನ್ನು ನೋಡಿದರು, ಸೊಸೆಯನ್ನು ನೋಡಿದರು. ಒಳಗೆ ಹೋಗಿ ರೊಕ್ಕ ತಂದು ಅವನ ಮುಂದೆ ಇಟ್ಟರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಇಸ್ಕೊಂಡಿ ಹೌದಲ್ಲೊ? ಇನ್ನ ಕೇಳು. ನಿನ್ನ ಮಷೀನಿನಾಗ ಮ್ಯಾಲಿನ ತಟ್ಟಿ ಕಾಯಿ ಹಸೀನ ಉಳಿತಾವು. ಹೋದ ವರ್ಷಾನೂ ಮತ್ತ ಬಿಸಲಿಗೆ ಹಾಕಿ ಒಣಗಿಸೀನಿ."

"ಆಗ ಯಾಕ ಹೇಳಲಿಲ್ಲ ದೊಡ್ಡವ್ವ?"

"ದಾನಕ್ಕ ಬಂದ ಎಮ್ಮಿ ಹಲ್ಲ ಎಣಸಬಾರದು ಅಂತ ಸುಮ್ಮನಿದ್ದೆ. ಇವತ್ತ ರೊಕ್ಕ ಕೊಟ್ಟೀನಿ, ಎಣಸತೀನಿ."

ಈರೇಶನ ಮುಖ ಬಾಡಿತು, ಆಮೇಲೆ ನಿಧಾನವಾಗಿ ತಿಳಿಯಾಯಿತು. "ಎಷ್ಟು ತಟ್ಟಿ, ದೊಡ್ಡವ್ವ? ಯಾವ ಕಡೀದು? ತೋರಸು ಬಾ" ಎಂದು ಎದ್ದ.

ಮಹಾನಂದಾಳ ಎದೆ ಹಗುರಾಯಿತು. ಮುಂದಿನ ಸಲದ ಸಭೆಯಲ್ಲಿ ಅವನೇ ಹೇಳಿದರೆ, ಅವಳ ಎರಡು ಪುಟದಲ್ಲಿ ರೊಕ್ಕ ಕೊಟ್ಟವರ ಒಂದು ದೂರು ಸೇರುತ್ತದೆ. ಅದನ್ನು "ಒಳ್ಳೆಯ ಅಂಶಗಳು" ಎಂಬ ತಲೆಬರಹದ ಕೆಳಗೆ ಬರೆಯಬೇಕು ಎಂದುಕೊಂಡು ಅವಳು ಚಹಾದ ಕಪ್ಪುಗಳನ್ನು ಒಳಗೆ ಒಯ್ದಳು.